ವಿದೇಶದ ಸೀಟನ್ನು ಮುಂದಿನ ವರ್ಷಕ್ಕೆ ಮುಂದೂಡಬೇಕಾದರೆ ಅಡ್ಮಿಷನ್ಸ್ ಆಫೀಸಿಗೆ ಹೇಗೆ ಕೇಳಬೇಕು?

ಮಲೆನಾಡಿನ ಮನೆಗಳಲ್ಲಿ ದುಡ್ಡು ಬರುವುದು ಅಡಿಕೆಯ ಲೆಕ್ಕದಲ್ಲಿ. ಇಂಗ್ಲೆಂಡಿನ ಯೂನಿವರ್ಸಿಟಿ ಫೀಸು ಕೇಳುವುದು ಸೆಪ್ಟೆಂಬರ್ ಲೆಕ್ಕದಲ್ಲಿ. ಸೆಪ್ಟೆಂಬರ್ ಹೊತ್ತಿಗೆ ತೋಟದಲ್ಲಿ ಕಾಯಿ ಇನ್ನೂ ಮರದ ಮೇಲೇ ಇರುತ್ತದೆ. ಆಫರ್ ಬಂದು, ಡೆಪಾಸಿಟ್ ಕಟ್ಟಿಯೂ ಆದ ಮೇಲೆ "ಈ ವರ್ಷ ಹೊರಡಲು ಆಗುವುದಿಲ್ಲ" ಎಂದು ಗೊತ್ತಾಗುವವರು ನಮ್ಮ ಕಡೆ ಕಮ್ಮಿ ಇಲ್ಲ. ಆಗ ಸೀಟನ್ನು ಬಿಡುವ ಬದಲು ಮುಂದಿನ ವರ್ಷಕ್ಕೆ ದಾಟಿಸಿಕೊಡಿ ಎಂದು ಕೇಳಬಹುದು. ಇದಕ್ಕೆ ಡಿಫರಲ್ ಎನ್ನುತ್ತಾರೆ.

ಇದಕ್ಕಾಗಿ ಬರೆಯುವ ಮೊದಲ ಪತ್ರ ಕೋರಿಕೆ ಆಗಿರಬಾರದು, ವಿಚಾರಣೆ ಆಗಿರಬೇಕು. "ಮುಂದೂಡಿಕೊಡಿ" ಎಂದು ಬರೆದರೆ ಕೆಲವು ಆಫೀಸುಗಳು ಅದನ್ನೇ ಅರ್ಜಿ ಎಂದು ತೆಗೆದುಕೊಂಡು ಈ ವರ್ಷದ ಸೀಟನ್ನು ತೆಗೆದುಹಾಕಬಹುದು. ಆಮೇಲೆ ಸಾಲ ಮಂಜೂರಾಯಿತು, ಈ ವರ್ಷವೇ ಬರುತ್ತೇನೆ ಎಂದರೆ ಜಾಗ ಉಳಿದಿರುವ ಖಾತ್ರಿ ಇಲ್ಲ. ಮುಂದೂಡಿದರೆ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಕೋರಿಕೆ ಆಮೇಲೆ.

ಉದಾಹರಣೆಗೆ ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ ಇದ್ದಾಳೆ ಎಂದಿಟ್ಟುಕೊಳ್ಳೋಣ. ಶಿವಮೊಗ್ಗದಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿದ್ದಾಳೆ. ಇಂಗ್ಲೆಂಡಿನ ಒಂದು ಯೂನಿವರ್ಸಿಟಿಯಲ್ಲಿ ಪಬ್ಲಿಕ್ ಹೆಲ್ತ್ ಎಂಎಸ್ಸಿಗೆ 2026ರ ಸೆಪ್ಟೆಂಬರ್ ಸೀಟು ಸಿಕ್ಕಿದೆ. 2,000 ಪೌಂಡ್ ಡೆಪಾಸಿಟ್ ಕಟ್ಟಿದ್ದಾಳೆ. ಫೀಸಿನಲ್ಲಿ ಸ್ವಲ್ಪ ಸ್ಕಾಲರ್‌ಶಿಪ್ ರಿಯಾಯಿತಿಯೂ ಇದೆ. ಐಇಎಲ್‌ಟಿಎಸ್ ಬರೆದದ್ದು 2024ರ ನವೆಂಬರ್‌ನಲ್ಲಿ. ಹೋದ ಮಳೆಗಾಲದಲ್ಲಿ ತೋಟಕ್ಕೆ ಕೊಳೆ ಬಿದ್ದು ಫಸಲು ಅರ್ಧಕ್ಕೆ ಇಳಿದಿದೆ. ವಿದೇಶದ ಓದಿನ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಶೇ. 15ರಷ್ಟು ಮಾರ್ಜಿನ್, ಅಂದರೆ ನಾವು ಕೈಯಿಂದ ಹಾಕಬೇಕಾದ ಪಾಲು, ಕೇಳುತ್ತವೆ. ಆ ದುಡ್ಡು ಹೊಂದಿಲ್ಲ. ಈಗ ಜುಲೈ ಎರಡನೇ ವಾರ.

ನಿಜವಾಗಿ ಮುಂದೂಡಬೇಕಾ?

ಪತ್ರಕ್ಕೆ ಕೂರುವ ಮೊದಲು ಕ್ಯಾಲೆಂಡರ್ ಹಿಡಿದು ಹಿಂದಕ್ಕೆ ಎಣಿಸಿ. ಕ್ಲಾಸು ಶುರುವಾಗುವುದು 2026ರ ಸೆಪ್ಟೆಂಬರ್ 28, ಸೋಮವಾರ ಎಂದುಕೊಳ್ಳೋಣ. ಭಾರತದಿಂದ ಹಾಕಿದ ಬ್ರಿಟನ್ ಸ್ಟೂಡೆಂಟ್ ವೀಸಾ ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ಅಲ್ಲಿಗೆ ಸೆಪ್ಟೆಂಬರ್ 7. ಸ್ವಂತ ಖಾತೆಯಲ್ಲೋ ಅಪ್ಪ-ಅಮ್ಮನ ಖಾತೆಯಲ್ಲೋ ಹಣ ತೋರಿಸುವುದಾದರೆ, ಆ ಹಣ ಸತತ 28 ದಿನ ಕದಲದೆ ಅಲ್ಲೇ ಇರಬೇಕು. ಒಂದು ದಿನ ಕಮ್ಮಿಯಾದರೂ ಎಣಿಕೆ ಮತ್ತೆ ಮೊದಲಿನಿಂದ. ಅಲ್ಲಿಗೆ ಆಗಸ್ಟ್ 10. ಬಯೋಮೆಟ್ರಿಕ್ ಮತ್ತು ಕ್ಷಯ ಪರೀಕ್ಷೆಗೆ ಬೆಂಗಳೂರಿಗೆ ಓಡಾಡುವ ದಿನಗಳನ್ನೂ ಸೇರಿಸಿದರೆ, ಆಗಸ್ಟ್ ಮೊದಲ ವಾರದೊಳಗೆ ಹಣ ಖಾತೆಯಲ್ಲಿ ಇರಲೇಬೇಕು.

ಹಣವನ್ನು ಸಾಲದ ಪತ್ರದ ಮೂಲಕ ತೋರಿಸುವವರಿಗೆ ನಿಯಮ ಬೇರೆ. ಆದರೂ ಈ ಲೆಕ್ಕ ಒಮ್ಮೆ ಹಾಕಿಕೊಳ್ಳುವುದು ಒಳ್ಳೆಯದು. ನಮ್ಮ ಹುಡುಗಿಗೆ ಜುಲೈ ಎರಡನೇ ವಾರದಲ್ಲೇ ಕಾಣುತ್ತದೆ: ಸೆಪ್ಟೆಂಬರ್ ಕಷ್ಟ.

ಹಾಗಾದರೆ ಜನವರಿ? ಬ್ರಿಟನ್ನಿನ ಹಲವು ಕೋರ್ಸುಗಳಿಗೆ ಜನವರಿ ಬ್ಯಾಚ್ ಇದೆ. ಆಫೀಸಿನವರೇ "ಜನವರಿಗೆ ಬರ್ತೀರಾ?" ಎಂದು ಕೇಳುವುದೂ ಉಂಟು. ಆದರೆ ಜನವರಿಯ ಬ್ಯಾಚಿಗೆ ನವೆಂಬರ್‌ನಲ್ಲೇ ಹಣ ತೋರಿಸಬೇಕಾಗುತ್ತದೆ. ಆ ಹೊತ್ತಿಗೆ ನಮ್ಮಲ್ಲಿ ಕೊಯ್ಲು ಅರ್ಧ ಆಗಿರುತ್ತದೆ. ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿ ದುಡ್ಡು ಕೈಗೆ ಬರುವಷ್ಟರಲ್ಲಿ ಬೇಸಿಗೆ ಹತ್ತಿರ. ಹಾಗಾಗಿ ಆಕೆ ಕೇಳಬೇಕಾದ್ದು 2027ರ ಸೆಪ್ಟೆಂಬರ್. "ಜನವರಿಯಾದರೂ ಸರಿ, ಸೆಪ್ಟೆಂಬರ್ ಆದರೂ ಸರಿ" ಎಂದು ಬರೆದರೆ ಉತ್ತರವೂ ಅಷ್ಟೇ ಮಸುಕಾಗಿ ಬರುತ್ತದೆ.

ಆಫರ್ ಲೆಟರನ್ನು ಇನ್ನೊಮ್ಮೆ ಓದಿ, ಪೂರ್ತಿ

ಮೊದಲ ಪುಟದ ಅಭಿನಂದನೆಯನ್ನು ಎಲ್ಲರೂ ಓದಿರುತ್ತಾರೆ. ನಿಮಗೆ ಬೇಕಾದ್ದು ಹಿಂದಿನ ಪುಟಗಳಲ್ಲಿರುವ ಷರತ್ತುಗಳು, ಡೆಪಾಸಿಟ್ ಮತ್ತು ರಿಫಂಡ್ ನಿಯಮ, ಯೂನಿವರ್ಸಿಟಿ ವೆಬ್‌ಸೈಟಿನ ಅಡ್ಮಿಷನ್ಸ್ ಪಾಲಿಸಿ. ಡಿಫರಲ್ ಬಗ್ಗೆ ಅಲ್ಲಿ ಒಂದೆರಡು ಪ್ಯಾರಾ ಇದ್ದೇ ಇರುತ್ತದೆ. ಯಾವ ತಾರೀಖಿನೊಳಗೆ ಕೇಳಬೇಕು, ಎಷ್ಟು ಸಲ ಮುಂದೂಡಬಹುದು, ಯಾವ ಕೋರ್ಸಿಗೆ ಇಲ್ಲ ಎಂಬುದೆಲ್ಲ ಅಲ್ಲೇ ಸಿಗುತ್ತದೆ. ಸಾಮಾನ್ಯವಾಗಿ ಒಂದೇ ಸಲ, ಒಂದೇ ವರ್ಷ.

ಅಲ್ಲಿ ಬರೆದಿರುವುದನ್ನೇ ಮತ್ತೆ ಕೇಳಿದರೆ "ಈ ಲಿಂಕ್ ನೋಡಿ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ನಿಮ್ಮ ಉಳಿದ ಪ್ರಶ್ನೆಗಳು ಅದರಡಿ ಮುಚ್ಚಿಹೋಗುತ್ತವೆ. ಓದಿದ ಮೇಲೂ ಉತ್ತರ ಸಿಗದೆ ಉಳಿದದ್ದನ್ನು ಮಾತ್ರ ಗುರುತು ಹಾಕಿಕೊಳ್ಳಿ. ನಮ್ಮ ಹುಡುಗಿಯ ಯೂನಿವರ್ಸಿಟಿ ಒಂದು ವರ್ಷದ ಡಿಫರಲ್ ಕೊಡುತ್ತದೆ, ಹೊಸ ವರ್ಷದ ಫೀಸೇ ಅನ್ವಯ ಎಂದು ಪಾಲಿಸಿಯಲ್ಲಿದೆ ಎಂದುಕೊಳ್ಳಿ. ಆಗ ಆಕೆಗೆ ಉಳಿಯುವುದು ಮೂರು ಸಂದೇಹ.

ಒಂದು, ಡೆಪಾಸಿಟ್ ಹೊಸ ವರ್ಷಕ್ಕೆ ದಾಟುತ್ತದಾ? ಎರಡು, ಸ್ಕಾಲರ್‌ಶಿಪ್ ಉಳಿಯುತ್ತದಾ? ಹೆಚ್ಚಿನ ಕಡೆ ಉಳಿಯುವುದಿಲ್ಲ, ಏಕೆಂದರೆ ಆ ಹಣ ಆಯಾ ವರ್ಷದ ಬಜೆಟ್ಟಿನದು. ಆದರೂ ಕೇಳಬೇಕು, ಯಾಕೆಂದರೆ ಮನೆಯ ಲೆಕ್ಕ ನಿಂತಿರುವುದೇ ಅದರ ಮೇಲೆ. ಮೂರನೆಯದು ಜಾಸ್ತಿ ಜನ ಮರೆಯುವ ವಿಷಯ. ಐಇಎಲ್‌ಟಿಎಸ್ ಅಂಕಕ್ಕೆ ಎರಡೇ ವರ್ಷ ಬೆಲೆ. ಆಕೆಯದು 2026ರ ನವೆಂಬರ್‌ಗೆ ಮುಗಿಯುತ್ತದೆ. ಈ ಸೆಪ್ಟೆಂಬರ್‌ಗೆ ಅದು ನಡೆಯುತ್ತಿತ್ತು, 2027ರ ಸೆಪ್ಟೆಂಬರ್‌ಗೆ ನಡೆಯುವುದು ಅನುಮಾನ. ಹೊಸ ಪರೀಕ್ಷೆ ಬೇಕಾ ಎಂದು ಈಗಲೇ ಗೊತ್ತಾದರೆ ವರ್ಷದಲ್ಲಿ ನಿಧಾನವಾಗಿ ಬರೆಯಬಹುದು. ಮುಂದಿನ ಜೂನ್‌ನಲ್ಲಿ ಗೊತ್ತಾದರೆ ಮತ್ತೆ ಓಡಾಟ.

ಯಾವ ದಾರಿಯಲ್ಲಿ ಕಳಿಸಬೇಕು

ನಿಮ್ಮ ಅಪ್ಲಿಕೇಶನ್ ಪೋರ್ಟಲ್‌ನಲ್ಲಿ ಪ್ರಶ್ನೆ ಕೇಳುವ ಜಾಗ ಇದ್ದರೆ ಅಲ್ಲೇ ಕೇಳಿ. ಅಲ್ಲಿ ಬರೆದದ್ದು ನಿಮ್ಮ ಫೈಲಿಗೇ ಹೋಗಿ ಸೇರುತ್ತದೆ. ಇಲ್ಲದಿದ್ದರೆ ಆಫರ್ ಲೆಟರ್‌ನಲ್ಲಿ ಕೊಟ್ಟಿರುವ ಇಮೇಲ್ ವಿಳಾಸಕ್ಕೆ, ಅರ್ಜಿ ಹಾಕುವಾಗ ಕೊಟ್ಟ ನಿಮ್ಮದೇ ಮೇಲ್‌ನಿಂದ ಕಳಿಸಿ. ಬೇರೆ ಮೇಲ್‌ನಿಂದ ಬರೆದರೆ ಮೊದಲು ನೀವೇ ಹೌದಾ ಎಂದು ಪರೀಕ್ಷೆ ಮಾಡುತ್ತಾರೆ. ಅದಕ್ಕೇ ಒಂದು ವಾರ.

ಪೋರ್ಟಲ್‌ನಲ್ಲಿ ಒಂದು ವಿಷಯಕ್ಕೆ ಹುಷಾರು. `Decline` ಅಥವಾ `Withdraw` ಎಂಬ ಬಟನ್ ಎಂದರೆ ಸೀಟು ಬೇಡ ಎಂದು ಹೇಳಿದ ಹಾಗೆ. `Defer` ಎಂಬ ಬಟನ್ ಇದ್ದರೂ ಅದು ವಿಚಾರಣೆ ಅಲ್ಲ, ನೇರ ಕೋರಿಕೆ. ಉತ್ತರಗಳು ಕೈಗೆ ಬರುವವರೆಗೆ ಮೂರನ್ನೂ ಮುಟ್ಟಬೇಡಿ.

ಏಜೆಂಟ್ ಮೂಲಕ ಅರ್ಜಿ ಹಾಕಿದವರು ಪೋರ್ಟಲ್‌ನಲ್ಲಿ ಯಾರ ಇಮೇಲ್ ಇದೆ ಎಂದು ನೋಡಿಕೊಳ್ಳಿ. ಎಷ್ಟೋ ಸಲ ಅಲ್ಲಿ ಏಜೆಂಟರ ಮೇಲ್ ಇರುತ್ತದೆ, ಉತ್ತರ ಬಂದರೂ ನಿಮಗೆ ತಲುಪುವುದಿಲ್ಲ. ಕೆಲವು ಯೂನಿವರ್ಸಿಟಿಗಳು ಏಜೆಂಟ್ ಮೂಲಕವೇ ಬರಲಿ ಎನ್ನುತ್ತವೆ. ಹಾಗಿದ್ದರೆ ಪತ್ರವನ್ನು ನೀವೇ ಬರೆದು, ಅದನ್ನೇ ಕಳಿಸಲು ಹೇಳಿ, ಉತ್ತರದ ಪ್ರತಿ ಕೇಳಿ ತೆಗೆದುಕೊಳ್ಳಿ. ಏಜೆಂಟರು ಬೇಕಂತಲೇ ಮೋಸ ಮಾಡುತ್ತಾರೆ ಎಂದಲ್ಲ. ನಿಮ್ಮ ಐಇಎಲ್‌ಟಿಎಸ್ ತಾರೀಖು ಅವರ ತಲೆಯಲ್ಲಿ ಇರುವುದಿಲ್ಲ, ಅಷ್ಟೇ.

ಅಪ್ಪನೋ ಮಾವನೋ ಫೋನ್ ಮಾಡಿ ಕೇಳುವುದು ನಮ್ಮ ಕಡೆಯ ಪದ್ಧತಿ. ಅಲ್ಲಿ ಅದು ನಡೆಯುವುದಿಲ್ಲ. ಅರ್ಜಿದಾರರು ಲಿಖಿತ ಒಪ್ಪಿಗೆ ಕೊಡದಿದ್ದರೆ ಹೆತ್ತವರಿಗೂ ಫೈಲಿನ ವಿವರ ಹೇಳುವಂತಿಲ್ಲ, ಅದು ಅಲ್ಲಿನ ಮಾಹಿತಿ ರಕ್ಷಣೆಯ ಕಾನೂನು. ಅವರು ಒರಟಾಗಿ ಮಾತಾಡಿದರು ಎಂದು ಬೇಜಾರು ಮಾಡಿಕೊಳ್ಳುವಂಥದ್ದು ಏನಿಲ್ಲ.

ಪತ್ರ

ಸಬ್ಜೆಕ್ಟ್ ಸಾಲಿನಲ್ಲೇ ನಾಲ್ಕು ವಿಷಯ ಇರಲಿ: ಇದು ಡಿಫರಲ್ ವಿಚಾರಣೆ ಎಂಬುದು, ಕೋರ್ಸಿನ ಹೆಸರು, ಯಾವಾಗಿಂದ ಯಾವಾಗಿಗೆ, ನಿಮ್ಮ ಅರ್ಜಿ ಸಂಖ್ಯೆ. ಬರಿ "ಅರ್ಜೆಂಟ್" ಎಂದು ಬರೆದ ಮೇಲ್ ಆ ಆಫೀಸಿಗೆ ದಿನಕ್ಕೆ ಎಷ್ಟು ಬರುತ್ತವೋ. ಹೆಸರನ್ನು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಬರೆಯಿರಿ. ನಮ್ಮಲ್ಲಿ ಇನಿಶಿಯಲ್ ಹಿಂದೆ ಮುಂದೆ ಆಗುವುದು ಜಾಸ್ತಿ, ಅರ್ಜಿಯ ಹೆಸರಿಗೂ ಮೇಲ್‌ನ ಹೆಸರಿಗೂ ತಾಳೆ ಆಗದಿದ್ದರೆ ಫೈಲ್ ಹುಡುಕುವುದೇ ಕಷ್ಟ.

ಪತ್ರ ಸರಳ ಇಂಗ್ಲಿಷ್‌ನಲ್ಲಿ ಹೋಗಬೇಕು. ಅದರ ಹೂರಣ ಕನ್ನಡದಲ್ಲಿ ಹೀಗಿರುತ್ತದೆ:

"ಅಡ್ಮಿಷನ್ಸ್ ತಂಡಕ್ಕೆ ನಮಸ್ಕಾರ.

ಪಬ್ಲಿಕ್ ಹೆಲ್ತ್ ಎಂಎಸ್ಸಿಗೆ, 2026ರ ಸೆಪ್ಟೆಂಬರ್ ಪ್ರವೇಶಕ್ಕೆ ನನಗೆ ಷರತ್ತಿಲ್ಲದ ಆಫರ್ ಸಿಕ್ಕಿದೆ. ನಾನು ಅದನ್ನು ಒಪ್ಪಿಕೊಂಡು 2,000 ಪೌಂಡ್ ಡೆಪಾಸಿಟ್ ಕಟ್ಟಿದ್ದೇನೆ. ಕ್ಯಾಸ್ ಇನ್ನೂ ಪಡೆದಿಲ್ಲ, ವೀಸಾಕ್ಕೆ ಅರ್ಜಿ ಹಾಕಿಲ್ಲ.

ನಮ್ಮ ಕುಟುಂಬದ ಆದಾಯ ಒಂದೇ ವಾರ್ಷಿಕ ಬೆಳೆಯಿಂದ ಬರುತ್ತದೆ. ಕಳೆದ ಹಂಗಾಮಿನಲ್ಲಿ ರೋಗದಿಂದ ಬೆಳೆ ಕಡಿಮೆಯಾಗಿ, ವೀಸಾಕ್ಕೆ ಬೇಕಾದ ಹಣ ಸಮಯಕ್ಕೆ ಹೊಂದುವುದು ಅನುಮಾನವಾಗಿದೆ. ಹಾಗಾಗಿ 2027ರ ಸೆಪ್ಟೆಂಬರ್‌ಗೆ ಮುಂದೂಡುವ ಬಗ್ಗೆ ಯೋಚಿಸುತ್ತಿದ್ದೇನೆ. ನಿಮ್ಮ ವೆಬ್‌ಸೈಟಿನ ಡಿಫರಲ್ ನಿಯಮಗಳನ್ನು ಓದಿದ್ದೇನೆ. ತೀರ್ಮಾನಕ್ಕೆ ಮೊದಲು ಮೂರು ವಿಷಯ ಖಚಿತಪಡಿಸುವಿರಾ?

1. ಕಟ್ಟಿರುವ ಡೆಪಾಸಿಟ್ 2027ಕ್ಕೆ ವರ್ಗವಾಗುತ್ತದೆಯೇ?
2. ಆಫರ್‌ನಲ್ಲಿರುವ ಸ್ಕಾಲರ್‌ಶಿಪ್ ಉಳಿಯುತ್ತದೆಯೇ, ಅಥವಾ ಹೊಸದಾಗಿ ಅರ್ಜಿ ಹಾಕಬೇಕೇ?
3. ನನ್ನ ಐಇಎಲ್‌ಟಿಎಸ್ ಪರೀಕ್ಷೆ 2024ರ ನವೆಂಬರ್‌ನದು. 2027ಕ್ಕೆ ಹೊಸ ಪರೀಕ್ಷೆ ಬೇಕೇ?

ಇದು ವಿಚಾರಣೆ ಮಾತ್ರ. ನಾನು ಲಿಖಿತವಾಗಿ ಕೋರುವವರೆಗೆ 2026ರ ಆಫರ್ ಹಾಗೇ ಇರಲಿ ಎಂದು ವಿನಂತಿ. ಔಪಚಾರಿಕ ಕೋರಿಕೆಗೆ ಫಾರ್ಮ್ ಮತ್ತು ಕೊನೆಯ ದಿನ ಇದ್ದರೆ ತಿಳಿಸಿ. ವಂದನೆಗಳು."

ಕೆಳಗೆ ಪೂರ್ತಿ ಹೆಸರು, ಅರ್ಜಿ ಸಂಖ್ಯೆ, ಹುಟ್ಟಿದ ದಿನಾಂಕ. ಅಷ್ಟೇ.

ಇದರಲ್ಲಿ ಯಾವ ಸಾಲು ಯಾಕಿದೆ ಎಂದು ನೋಡಿ. "ಕ್ಯಾಸ್ ಪಡೆದಿಲ್ಲ, ವೀಸಾ ಹಾಕಿಲ್ಲ" ಎಂಬುದು ಚಿಕ್ಕ ಸಾಲು, ಆದರೆ ಉತ್ತರ ಕೊಡುವವರಿಗೆ ಬಹಳ ಮುಖ್ಯ. ಕ್ಯಾಸ್ ಎಂದರೆ ವೀಸಾಕ್ಕೆಂದು ಯೂನಿವರ್ಸಿಟಿ ಕೊಡುವ ದೃಢೀಕರಣದ ಸಂಖ್ಯೆ. ಅದು ಒಂದು ಕೋರ್ಸು, ಒಂದು ಶುರುವಿನ ದಿನಾಂಕಕ್ಕೆ ಕಟ್ಟಿದ್ದು. ಕೊಟ್ಟ ಮೇಲೆ ಆರು ತಿಂಗಳೊಳಗೆ ಬಳಸಬೇಕು, ಒಂದೇ ಸಲ ಬಳಸಬಹುದು. ಅದನ್ನು ಕೊಟ್ಟ ನಂತರ ಮುಂದೂಡಿದರೆ ರದ್ದು ಮಾಡಿ, ಮುಂದಿನ ವರ್ಷ ಹೊಸದು ಕೊಡಬೇಕಾಗುತ್ತದೆ. ಬಯೋಮೆಟ್ರಿಕ್ ಕೊಟ್ಟ ಮೇಲಾದರೆ ವೀಸಾ ಶುಲ್ಕವೂ ವಾಪಸ್ ಬರುವುದಿಲ್ಲ. ಮುಂದೂಡುವ ಯೋಚನೆ ಇದ್ದರೆ ಕ್ಯಾಸ್ ಕೇಳುವ ಮೊದಲೇ ಈ ಪತ್ರ ಹೋಗಬೇಕು.

ಕಾರಣ ಎರಡು ವಾಕ್ಯದಲ್ಲಿ ಮುಗಿದಿದೆ. ಕೊಳೆ ರೋಗ, ಬೋರ್ಡೋ ಸಿಂಪಡಣೆ, ಮಂಡಿಯ ರೇಟು ಎಲ್ಲ ಬರೆಯುವ ಆಸೆ ಆಗುತ್ತದೆ, ಬೇಡ. ಅವರಿಗೆ ಬೇಕಾದ್ದು ಕಾರಣ ನಿಜವೇ, ಒಂದು ವರ್ಷದಲ್ಲಿ ಅದು ಸರಿಹೋಗುತ್ತದೆಯೇ ಎಂಬುದಷ್ಟೇ. ಹಣದ ತೊಂದರೆ ಎನ್ನಲು ಸಂಕೋಚವಾಗಿ "ಮನೆಯಲ್ಲಿ ಹುಷಾರಿಲ್ಲ" ಎಂದು ಬರೆಯುವವರಿದ್ದಾರೆ. ಆಮೇಲೆ ಆಸ್ಪತ್ರೆಯ ದಾಖಲೆ ಕೇಳಿದರೆ ಏನು ಕೊಡುತ್ತೀರಿ? ಸುಳ್ಳು ಗೊತ್ತಾದರೆ ಆಫರ್ ಹಿಂತೆಗೆದುಕೊಳ್ಳುವ ಹಕ್ಕು ಅವರಿಗಿದೆ.

ಮೊದಲ ಪತ್ರಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್, ಪಹಣಿ, ಆಧಾರ್ ಏನನ್ನೂ ಲಗತ್ತಿಸಬೇಡಿ. ಕೇಳಿದರೆ ಕೊಡೋಣ. "ಕೈಂಡ್ಲಿ ಡೂ ದ ನೀಡ್‌ಫುಲ್" ಕೂಡ ಬೇಡ, ಏನು ಮಾಡಬೇಕು ಎಂಬುದು ಅದರಲ್ಲಿ ಇರುವುದೇ ಇಲ್ಲವಲ್ಲ.

ಕಳಿಸಿದ ಮೇಲೆ

ಬ್ರಿಟನ್ ಆಫೀಸಿನ ಬೆಳಿಗ್ಗೆ 9 ಎಂದರೆ ಬೇಸಿಗೆಯ ಸಮಯದಲ್ಲಿ ನಮ್ಮ ಮಧ್ಯಾಹ್ನ 1.30. ಸಂಜೆ 5 ಎಂದರೆ ರಾತ್ರಿ 9.30. ಶುಕ್ರವಾರ ರಾತ್ರಿ ಕಳಿಸಿ ಶನಿವಾರ ಬೆಳಿಗ್ಗೆ ಇನ್‌ಬಾಕ್ಸ್ ನೋಡುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಆಗಸ್ಟ್ ಮಧ್ಯದಲ್ಲಿ ಅಲ್ಲಿನ ಎ-ಲೆವೆಲ್ ಫಲಿತಾಂಶ ಬರುತ್ತದೆ, ಖಾಲಿ ಸೀಟು ತುಂಬುವ ಕ್ಲಿಯರಿಂಗ್ ಭರಾಟೆ ಶುರುವಾಗುತ್ತದೆ. ಆ ದಿನಗಳಲ್ಲಿ ಅಡ್ಮಿಷನ್ಸ್ ಆಫೀಸಿನಲ್ಲಿ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ಆಗಸ್ಟ್ ಕೊನೆಯ ಸೋಮವಾರ ಇಂಗ್ಲೆಂಡಿನಲ್ಲಿ ರಜೆ ಬೇರೆ. ಜುಲೈನಲ್ಲೇ ಕೇಳಿ ಎನ್ನುವುದು ಇದಕ್ಕೇ. ನಮ್ಮ ಕಡೆ ಜುಲೈನಲ್ಲಿ ಮಳೆ, ಕರೆಂಟು, ನೆಟ್‌ವರ್ಕ್ ಮೂರೂ ಅವುಗಳಿಗೆ ಇಷ್ಟ ಬಂದ ಹಾಗೆ ಇರುತ್ತವೆ. ಪತ್ರವನ್ನು ಡ್ರಾಫ್ಟ್‌ನಲ್ಲಿ ಇಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ಕಳಿಸಿ, ಹೋಯಿತಾ ಎಂದು ನೋಡಿಕೊಳ್ಳಿ.

ತಕ್ಷಣ ಬರುವ ಯಾಂತ್ರಿಕ ಉತ್ತರದಲ್ಲಿ ಎಷ್ಟು ಕೆಲಸದ ದಿನ ಹಿಡಿಯುತ್ತದೆ ಎಂದಿರುತ್ತದೆ. ಆ ಗಡುವು ಮುಗಿಯುವವರೆಗೆ ಸುಮ್ನೆ ಇರುವುದು ಒಳ್ಳೆಯದು. ಮುಗಿದ ಮೇಲೆ ಅದೇ ಮೇಲ್‌ಗೆ ರಿಪ್ಲೈ ಮಾಡಿ ಎರಡು ಸಾಲು ಬರೆಯಿರಿ: ಇಂಥ ದಿನ ಕೇಳಿದ್ದೆ, ವೀಸಾ ಸಿದ್ಧತೆಗೆ ಇಂಥ ದಿನದೊಳಗೆ ತೀರ್ಮಾನ ಮಾಡಬೇಕಿದೆ. ಹೊಸ ಮೇಲ್ ಶುರುಮಾಡಿದರೆ, ಅಥವಾ ಡಿಪಾರ್ಟ್‌ಮೆಂಟಿಗೂ ಪ್ರೊಫೆಸರಿಗೂ ಒಟ್ಟಿಗೆ ಕಳಿಸಿದರೆ, ಬೇರೆ ಬೇರೆ ಕಡೆ ಬೇರೆ ಬೇರೆ ಟಿಕೆಟ್ ತೆರೆದುಕೊಳ್ಳುತ್ತವೆ. ಪ್ರತಿಯೊಬ್ಬರೂ ಇನ್ನೊಬ್ಬರು ಉತ್ತರಿಸುತ್ತಾರೆ ಎಂದುಕೊಳ್ಳುತ್ತಾರೆ.

ಉತ್ತರ ಬಂದಾಗ ಕ್ರಿಯಾಪದ ನೋಡಿ. "ಸಾಮಾನ್ಯವಾಗಿ ಡೆಪಾಸಿಟ್ ವರ್ಗವಾಗುತ್ತದೆ" ಎಂದಿದ್ದರೆ ನಿಮ್ಮದು ಆಗುತ್ತದೆ ಎಂದಲ್ಲ. "ನನ್ನ ವಿಷಯದಲ್ಲೂ ಆಗುತ್ತದೆಯೇ?" ಎಂದು ಒಂದೇ ಸಾಲಿನಲ್ಲಿ ಕೇಳಿ. ಮೂರರಲ್ಲಿ ಎರಡಕ್ಕೆ ಮಾತ್ರ ಉತ್ತರ ಬಂದಿದ್ದರೆ ಧನ್ಯವಾದ ಹೇಳಿ, ಉಳಿದ ಒಂದನ್ನು ಅದೇ ಸಂಖ್ಯೆಯೊಂದಿಗೆ ಮತ್ತೆ ಕೇಳಿ. ಆಗುವುದಿಲ್ಲ ಎಂದೇ ಬಂದರೆ ವಾದಕ್ಕೆ ಇಳಿಯಬೇಡಿ. ಆಗ ಕೇಳಬೇಕಾದ ಪ್ರಶ್ನೆ ಬೇರೆ: ಹೊಸದಾಗಿ ಅರ್ಜಿ ಹಾಕಿದರೆ ಹಳೆ ದಾಖಲೆಗಳು ನಡೆಯುತ್ತವೆಯೇ, ಡೆಪಾಸಿಟ್ ರಿಫಂಡ್‌ಗೆ ಏನು ಮಾಡಬೇಕು?

ಬೇರೆ ದೇಶವಾದರೆ

ಜರ್ಮನಿಯಲ್ಲಿ ಪ್ರವೇಶ ಪತ್ರ ಸಾಮಾನ್ಯವಾಗಿ ಅದರಲ್ಲಿ ಬರೆದ ಸೆಮಿಸ್ಟರಿಗೆ ಮಾತ್ರ. ಮುಂದೂಡುವುದು ಎಂಬುದೇ ಹೆಚ್ಚಿನ ಕಡೆ ಇಲ್ಲ, ಮತ್ತೆ ಅರ್ಜಿ ಹಾಕಬೇಕು. ಅಮೆರಿಕದಲ್ಲಿ ಎಂಎಸ್ ಮುಂದೂಡಿಕೆಯನ್ನು ಹಲವು ಕಡೆ ಡಿಪಾರ್ಟ್‌ಮೆಂಟ್ ತೀರ್ಮಾನಿಸುತ್ತದೆ, ವೀಸಾಕ್ಕೆಂದು ಯೂನಿವರ್ಸಿಟಿ ಕೊಡುವ ಐ-20 ಫಾರ್ಮ್ ಬದಲಿಸುವುದು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸು. ಐ-20 ಈಗಾಗಲೇ ಬಂದಿದ್ದರೆ, ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಲ್ಲಿನ ಸರ್ಕಾರಿ ವ್ಯವಸ್ಥೆಯಾದ ಸೆವಿಸ್‌ನ ಶುಲ್ಕ ಕಟ್ಟಿದ್ದರೆ, ಅದನ್ನು ಪತ್ರದಲ್ಲಿ ಹೇಳಿ. ಸೆವಿಸ್ ಸಂಖ್ಯೆ ಅದೇ ಉಳಿಯುತ್ತದೆಯೇ ಎಂದು ಕೇಳಿ. ಅದೇ ಸಂಖ್ಯೆಯಲ್ಲಿ ಶುರುವಿನ ದಿನಾಂಕ ಮಾತ್ರ ಬದಲಾದರೆ ಆ ಶುಲ್ಕ ಮತ್ತೆ ಕಟ್ಟುವ ಪ್ರಮೇಯ ಬರುವುದಿಲ್ಲ. ಪಿಎಚ್‌ಡಿ ಫಂಡಿಂಗ್ ಇದ್ದವರು ಸೀಟಿಗಿಂತ ಮೊದಲು ಫಂಡಿಂಗ್ ಬಗ್ಗೆ ಕೇಳಬೇಕು.

ಒಪ್ಪಿಗೆ ಬಂದ ನಂತರ

ನಮ್ಮ ಹುಡುಗಿಗೆ ಉತ್ತರ ಹೀಗೆ ಬಂತು ಎಂದುಕೊಳ್ಳೋಣ: ಡೆಪಾಸಿಟ್ ದಾಟುತ್ತದೆ, ಸ್ಕಾಲರ್‌ಶಿಪ್ ಉಳಿಯುವುದಿಲ್ಲ, ಹೊಸ ಐಇಎಲ್‌ಟಿಎಸ್ ಬೇಕು. ಈಗ ಮನೆಯವರೊಂದಿಗೆ ಕೂತು ಲೆಕ್ಕ ಹಾಕಬಹುದು. ರಿಯಾಯಿತಿ ಹೋದ ಮೇಲೆ ಫೀಸು ಎಷ್ಟಾಗುತ್ತದೆ, ಅದರ ಮೇಲೆ ಮಾರ್ಜಿನ್ ಎಷ್ಟು, ಮುಂದಿನ ಫಸಲು ಅದಕ್ಕೆ ಸಾಕಾ? ಸಾಕು ಎನಿಸಿದರೆ ಆಗ ಔಪಚಾರಿಕ ಕೋರಿಕೆ, ಅವರು ಹೇಳಿದ ಫಾರ್ಮ್‌ನಲ್ಲಿ, ಅವರು ಹೇಳಿದ ದಿನದೊಳಗೆ.

"ಒಪ್ಪಿದ್ದೇವೆ" ಎಂಬ ಮೇಲ್ ಬಂದರೂ ಕೆಲಸ ಮುಗಿಯಲಿಲ್ಲ. 2027ರ ದಿನಾಂಕ, ಹೊಸ ಫೀಸು, ಡೆಪಾಸಿಟ್ ಮೊತ್ತ ನಮೂದಾಗಿರುವ ಹೊಸ ಆಫರ್ ಲೆಟರ್ ಬರಬೇಕು. ಅದನ್ನು ಪೋರ್ಟಲ್‌ನಲ್ಲಿ ಮತ್ತೆ ಒಪ್ಪಿಕೊಳ್ಳಬೇಕಾಗಬಹುದು, ಅದಕ್ಕೂ ಒಂದು ಕೊನೆಯ ದಿನ ಇರುತ್ತದೆ. ಈ ವರ್ಷದಲ್ಲಿ ಬೇರೆ ಕಡೆ ಓದಲು ಸೇರಬಾರದು ಎಂಬ ಷರತ್ತು ಇದೆಯಾ ನೋಡಿ. ಕೆಲಸಕ್ಕೆ ಸೇರಲು ಸಾಮಾನ್ಯವಾಗಿ ಅಡ್ಡಿ ಇಲ್ಲ. ಬ್ಯಾಂಕಿಗೂ ಹೊಸ ಆಫರ್ ಲೆಟರ್ ಕೊಡಿ, ಇಲ್ಲದಿದ್ದರೆ ಹಳೆ ದಿನಾಂಕದ ಮೇಲೆ ನಡೆಯುತ್ತಿರುವ ಸಾಲದ ಫೈಲ್ ಅಲ್ಲೇ ನಿಂತುಬಿಡುತ್ತದೆ. ಮತ್ತೆ 2027ರ ಮಾರ್ಚ್ ಹೊತ್ತಿಗೆ, ಮಂಡಿಯ ಲೆಕ್ಕ ಮುಗಿದ ಮೇಲೆ, ಅದೇ ಹಳೆಯ ಮೇಲ್‌ಗೆ ರಿಪ್ಲೈ ಮಾಡಿ: ಸೆಪ್ಟೆಂಬರ್‌ಗೆ ಬರುತ್ತಿದ್ದೇನೆ, ಹೊಸ ಐಇಎಲ್‌ಟಿಎಸ್ ಅಂಕ ಪೋರ್ಟಲ್‌ಗೆ ಹಾಕಿದ್ದೇನೆ, ಕ್ಯಾಸ್‌ಗೆ ಯಾವಾಗ ಅರ್ಜಿ ಹಾಕಬಹುದು?